ಎರಡು ಸೀಮೆಹಸು, ಹದಿನಾಲ್ಕು ತಿಂಗಳು: ಹಾಲಿನ ಅಸಲು ಲೆಕ್ಕ

ಹದಿನೈದು ಲೀಟರ್ ಕೊಡುವ ಹಸು ವರ್ಷವಿಡೀ ಹದಿನೈದು ಲೀಟರ್ ಕೊಡುವುದಿಲ್ಲ. ಹೈನುಗಾರಿಕೆಗೆ ಇಳಿಯಲು ಹೊರಟವರ ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ. ದಿನಕ್ಕೆ ಹದಿನೈದು ಲೀಟರ್, ಲೀಟರಿಗೆ ಮೂವತ್ತೈದು ರೂಪಾಯಿ, ತಿಂಗಳಿಗೆ ಹದಿನೈದು ಸಾವಿರಕ್ಕೂ ಮೇಲೆ ಎಂದು ಬಾಯಿಲೆಕ್ಕ ಹಾಕುತ್ತಾರೆ. ಅದರಲ್ಲಿ ಅರ್ಧ ಮೇವಿಗೆ ಹೋದರೂ ಅರ್ಧ ಉಳಿಯುತ್ತದಲ್ಲ ಎಂಬ ನಂಬಿಕೆಯ ಮೇಲೆ ಸಾಲದ ಅರ್ಜಿಗೆ ಸಹಿ ಬೀಳುತ್ತದೆ. ಹಸು ಹದಿನೈದು ಲೀಟರ್ ಕೊಡುವುದು ಸುಳ್ಳಲ್ಲ. ಆದರೆ ಅದು ಕರು ಹಾಕಿದ ಎರಡನೇ ತಿಂಗಳ ಆಸುಪಾಸಿನ ಕೆಲವೇ ವಾರಗಳ ಮಾತು.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಮಂಡ್ಯ ಕಡೆಯ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಮನೆಯಲ್ಲಿ ಎರಡು ಎಚ್‌ಎಫ್ ಮಿಶ್ರತಳಿ ಹಸುಗಳಿವೆ, ಅಂದರೆ ಹಳ್ಳಿಯವರು ಸೀಮೆಹಸು ಎನ್ನುವ ಕಪ್ಪು-ಬಿಳಿ ಹಸುಗಳು. ಎರಡೂ ಎರಡನೇ ಸೂಲಿನವು. ಕೊಳವೆಬಾವಿಯ ನೀರು ಹಾಯುವ ಇಪ್ಪತ್ತು ಗುಂಟೆಯಷ್ಟು ಜಾಗ ಮೇವಿಗೆ ಮೀಸಲು. ಕೆಲಸವೆಲ್ಲ ಮನೆಯವರದೇ. ಹಾಲು ಹೋಗುವುದು ಊರಿನ ಸಹಕಾರ ಸಂಘದ ಡೇರಿಗೆ, ಅಲ್ಲಿಂದ ಜಿಲ್ಲಾ ಒಕ್ಕೂಟಕ್ಕೆ. ಮುಂದಿನ ದರಗಳು ಈ ಮಾದರಿ ಮನೆಗೆ ಇಟ್ಟುಕೊಂಡವು. ಹಾಲಿನ ದರ ಒಕ್ಕೂಟದಿಂದ ಒಕ್ಕೂಟಕ್ಕೆ, ಮೇವಿನ ದರ ಊರಿಂದ ಊರಿಗೆ ಬದಲಾಗುತ್ತದೆ. ಆದ್ದರಿಂದ ಓದುವವರು ತಮ್ಮೂರಿನ ಅಂಕಿಗಳನ್ನು ಹಾಕಿಕೊಂಡು ಇದೇ ದಾರಿಯಲ್ಲಿ ಲೆಕ್ಕ ಮಾಡಬೇಕು.

ಹೈನಿನ ಲೆಕ್ಕವನ್ನು ದಿನಕ್ಕೋ ತಿಂಗಳಿಗೋ ಹಾಕಿದರೆ ಸತ್ಯ ಸಿಗುವುದಿಲ್ಲ. ಒಂದು ಕರುವಿನಿಂದ ಇನ್ನೊಂದು ಕರುವಿನವರೆಗಿನ ಅವಧಿಗೆ ಹಾಕಬೇಕು. ಹಸುವಿನ ಗರ್ಭಾವಧಿ ಸುಮಾರು 280 ದಿನ. ಕರು ಹಾಕಿದ ಮೇಲೆ ಗರ್ಭಕೋಶ ಮೊದಲಿನ ಸ್ಥಿತಿಗೆ ಬಂದು ಮತ್ತೆ ಗಬ್ಬ ನಿಲ್ಲಲು ಎರಡು-ಮೂರು ತಿಂಗಳು ಬೇಕು. ಎಲ್ಲವೂ ಸರಿಯಾಗಿ ನಡೆದರೆ ಹದಿಮೂರು ತಿಂಗಳಿಗೊಂದು ಕರು. ಹಳ್ಳಿಯ ಕೊಟ್ಟಿಗೆಯಲ್ಲಿ ಅಷ್ಟು ಕರಾರುವಾಕ್ಕಾಗಿ ನಡೆಯುವುದು ಅಪರೂಪ. ಹದಿನಾಲ್ಕು ತಿಂಗಳು, ಅಂದರೆ 420 ದಿನ ಎಂದುಕೊಂಡರೆ ಅದೇ ಒಳ್ಳೆಯ ನಿರ್ವಹಣೆ. ಇದರಲ್ಲಿ ಹಾಲು ಕೊಡುವ ದಿನ 330, ಹಾಲು ಬತ್ತಿದ ದಿನ 90.

ಗರಿಷ್ಠ ಹಾಲು ಗೊತ್ತಿದ್ದರೆ ಇಡೀ ಸೂಲಿನ ಹಾಲನ್ನು ಅಂದಾಜು ಮಾಡುವ ಸುಲಭ ಸೂತ್ರವೊಂದಿದೆ. ಗರಿಷ್ಠ ದಿನದ ಹಾಲನ್ನು ಇನ್ನೂರರಿಂದ ಗುಣಿಸಿದರೆ ಸುಮಾರು ಹತ್ತು ತಿಂಗಳ ಹಾಲು ಸಿಗುತ್ತದೆ. ಹದಿನೈದು ಲೀಟರಿನ ಹಸುವಿಗೆ ಅದು 3,000 ಲೀಟರ್. ಕೊನೆಯ ಕೆಲವು ವಾರಗಳ ಹಾಲನ್ನೂ ಸೇರಿಸಿದರೆ ಸುಮಾರು 3,150 ಲೀಟರ್. ಇದನ್ನು 420 ದಿನಕ್ಕೆ ಹಂಚಿದರೆ ದಿನಕ್ಕೆ ಬೀಳುವುದು ಏಳೂವರೆ ಲೀಟರ್. ಹೇಳಿದ್ದರ ಸರಿಯಾಗಿ ಅರ್ಧ. ಸಂತೆಯಲ್ಲಿ ಇಪ್ಪತ್ತು ಲೀಟರ್ ಎಂದು ಕೂಗುವ ಹಸುವಿಗೂ ಇದೇ ಅರ್ಧದ ಲೆಕ್ಕವನ್ನೇ ಹಾಕುವುದು ಕ್ಷೇಮ.

ಅಷ್ಟೂ ಹಾಲು ಡೇರಿಗೆ ಹೋಗುವುದಿಲ್ಲ. ಮೊದಲ ಕೆಲವು ದಿನದ ಗಿಣ್ಣದ ಹಾಲು ಕರುವಿಗೇ ಸೇರಬೇಕು, ಆಮೇಲೆ ಮೂರು ತಿಂಗಳ ತನಕ ಅದರ ಪಾಲು ಇದ್ದೇ ಇದೆ. ಎಲ್ಲ ಸೇರಿ 200 ಲೀಟರ್. ಮನೆಯ ಕಾಫಿ, ಮೊಸರಿಗೆ ಎರಡೂ ಹಸುಗಳಿಂದ ದಿನಕ್ಕೊಂದು ಲೀಟರ್ ತೆಗೆದರೆ ಒಂದು ಹಸುವಿನ ಲೆಕ್ಕಕ್ಕೆ 210 ಲೀಟರ್ ಬೀಳುತ್ತದೆ. ಉಳಿದ 2,740 ಲೀಟರ್ ಡೇರಿಗೆ. ಸಂಘದಿಂದ ಲೀಟರಿಗೆ 35 ರೂಪಾಯಿ ಸಿಕ್ಕರೆ 95,900 ರೂಪಾಯಿ. ರಾಜ್ಯ ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನ ಸೇರಿಸಿದರೆ ಇನ್ನೂ 13,700. ಒಟ್ಟು 1,09,600 ರೂಪಾಯಿ. ಇದು ಒಂದು ಹಸು ಹದಿನಾಲ್ಕು ತಿಂಗಳಲ್ಲಿ ತರುವ ನಗದು.

ಖರ್ಚಿನಲ್ಲಿ ಸಿಂಹಪಾಲು ಕೈತಿಂಡಿಯದು. ಹಸು ತನ್ನ ಮೈ ಉಳಿಸಿಕೊಳ್ಳಲು ಒಂದೂವರೆ ಕಿಲೋ, ಅದರ ಮೇಲೆ ಕೊಡುವ ಪ್ರತಿ ಲೀಟರ್ ಹಾಲಿಗೆ ನಾನೂರು ಗ್ರಾಂ ಎಂಬುದು ಸಾಮಾನ್ಯವಾಗಿ ಪಾಲಿಸುವ ಅಳತೆ. ಬತ್ತಿದ ದಿನಗಳಲ್ಲೂ ಹೊಟ್ಟೆಯಲ್ಲಿ ಕರು ಬೆಳೆಯುತ್ತಿರುತ್ತದೆ, ಹಾಗಾಗಿ ದಿನಕ್ಕೆ ಎರಡು ಕಿಲೋ ತಪ್ಪದು. ಎಲ್ಲ ಕೂಡಿದರೆ 1,935 ಕಿಲೋ, ಐವತ್ತು ಕಿಲೋದ 39 ಮೂಟೆ. ಮೂಟೆಗೆ 1,300 ರೂಪಾಯಿಯಾದರೆ 50,700. ಹಾಲಿನಿಂದ ಬರುವ ನೂರು ರೂಪಾಯಿಯಲ್ಲಿ ನಲವತ್ತಾರು ರೂಪಾಯಿ ಮೂಟೆಯ ಅಂಗಡಿಗೇ ಹೋಯಿತು. ಆದ್ದರಿಂದ ಹಾಲಿನ ದರ ಏರಿತು ಎಂಬ ಸುದ್ದಿಯನ್ನು ಒಂಟಿಯಾಗಿ ಓದಬಾರದು. ಈ ಮನೆಯಲ್ಲಿ ಮೂಟೆಗೆ ನೂರು ರೂಪಾಯಿ ಏರಿದರೆ ಲೀಟರಿನ ಮೇಲೆ 1 ರೂಪಾಯಿ 40 ಪೈಸೆ ಹೊರೆ ಬೀಳುತ್ತದೆ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಹೆಚ್ಚಿಸಿ ಅದನ್ನು ರೈತರಿಗೆ ದಾಟಿಸುವುದಾಗಿ ಹೇಳಿದಾಗಲೂ ಕೊಟ್ಟಿಗೆಯವರು ಕೇಳಿದ ಮೊದಲ ಪ್ರಶ್ನೆ ಮೂಟೆಯ ರೇಟು ಎಷ್ಟಾಗುತ್ತದೆ ಎಂಬುದೇ.

ಉಳಿದ ಖರ್ಚುಗಳು ಸಣ್ಣವು, ಆದರೆ ಬಿಡುವಂಥವಲ್ಲ. ದಿನಕ್ಕೆ ನಾಲ್ಕು ಕಿಲೋ ರಾಗಿ ಹುಲ್ಲು, ಕಿಲೋಗೆ 6 ರೂಪಾಯಿಯಂತೆ ಸುಮಾರು 10,000. ರಾಗಿ ಬೆಳೆಯುವ ಮನೆಗೆ ಇದು ಕೈಯಿಂದ ಹೋಗುವ ಹಣವಲ್ಲದಿದ್ದರೂ, ಮಾರಿದ್ದರೆ ಬರುತ್ತಿದ್ದ ಹಣವಾದ್ದರಿಂದ ಖರ್ಚೇ. ಹಸಿರು ಮೇವು ದಿನಕ್ಕೆ ಇಪ್ಪತ್ತು ಕಿಲೋ. ಸ್ವಂತ ಗದ್ದೆಯದಾದರೆ ಗೊಬ್ಬರ, ಬೀಜ, ಉಳುಮೆಗೆ ಕಿಲೋಗೆ ಒಂದು ರೂಪಾಯಿ ಇಟ್ಟುಕೊಂಡು 8,400. ಖನಿಜ ಮಿಶ್ರಣಕ್ಕೆ 2,000. ಜಂತುನಾಶಕ, ಕೃತಕ ಗರ್ಭಧಾರಣೆ, ಔಷಧ, ಡಾಕ್ಟರ ಓಡಾಟಕ್ಕೆ 4,000. ವಿಮೆಗೆ 2,000. ಹಗ್ಗ, ಬಕೆಟ್ಟು, ಕೊಟ್ಟಿಗೆ ತೊಳೆಯುವುದು, ಕರೆಂಟು, ಕರುವಿನ ಸಣ್ಣಪುಟ್ಟ ಖರ್ಚಿಗೆ 2,500. ಮೂಟೆಯ ಹಣವೂ ಸೇರಿದರೆ ಒಟ್ಟು ಸುಮಾರು 79,700 ರೂಪಾಯಿ.

ಬಂದದ್ದರಲ್ಲಿ ಹೋದದ್ದು ಕಳೆದರೆ ಒಂದು ಹಸುವಿನಿಂದ ಕೈಗೆ ಉಳಿಯುವುದು 29,900. ಎರಡರಿಂದ 59,800. ಹದಿನಾಲ್ಕು ತಿಂಗಳಿಗೆ ಹಂಚಿದರೆ ತಿಂಗಳಿಗೆ 4,270 ರೂಪಾಯಿ.

ಇದೇ ಹಸುವನ್ನು ಬೇರೆ ಬೇರೆ ದಿನ ನೋಡಿದವರು ಬೇರೆ ಬೇರೆ ಕಥೆ ಹೇಳುತ್ತಾರೆ. ಹದಿನೈದು ಲೀಟರ್ ಕೊಡುವ ದಿನ ಹಾಲಿನಿಂದ 525 ರೂಪಾಯಿ ಬರುತ್ತದೆ. ಏಳೂವರೆ ಕಿಲೋ ತಿಂಡಿ, ಹುಲ್ಲು, ಮೇವು, ಇತರೆ ಖರ್ಚು ಸೇರಿ 264 ಹೋಗುತ್ತದೆ. ಪ್ರೋತ್ಸಾಹಧನ ಬಿಟ್ಟೇ ಆವತ್ತಿನ ಉಳಿಕೆ 261. ನೆಂಟರು ಬಂದು ನೋಡಿ, ತಾವೂ ಹಸು ಕಟ್ಟಬೇಕು ಎಂದು ತೀರ್ಮಾನಿಸುವುದು ಸಾಮಾನ್ಯವಾಗಿ ಇಂಥ ದಿನ. ಒಂಬತ್ತನೇ ತಿಂಗಳಲ್ಲಿ ಅದೇ ಹಸು ಆರು ಲೀಟರಿಗೆ ಇಳಿದಾಗ 210 ರೂಪಾಯಿ ಬರುತ್ತದೆ, 170 ಹೋಗುತ್ತದೆ, 40 ಉಳಿಯುತ್ತದೆ. ಬತ್ತಿದ ಮೇಲೆ ದಿನಕ್ಕೆ 121 ರೂಪಾಯಿ ಹೋಗುತ್ತದೆ, ಬರುವುದು ಏನೂ ಇಲ್ಲ. ಮೂರು ತಿಂಗಳಿಗೆ ಅದು ಹತ್ತಿರ ಹತ್ತಿರ 11,000 ರೂಪಾಯಿ. ಮೊದಲ ನಾಲ್ಕು ತಿಂಗಳ ಬಟವಾಡೆಯಲ್ಲಿ ಇದಕ್ಕಾಗಿ ಎತ್ತಿಡದ ಮನೆ ಬತ್ತಿದ ಹಸುವಿನ ತಿಂಡಿಯನ್ನೇ ಕಡಿಮೆ ಮಾಡುತ್ತದೆ. ಅದರ ಫಲ ಮುಂದಿನ ಸೂಲಿನಲ್ಲಿ ಕಾಣುತ್ತದೆ. ಸೊರಗಿದ ಹಸು ಕರು ಹಾಕಿದಾಗ ಹಾಲಿನ ಗರಿಷ್ಠವೇ ಎರಡು-ಮೂರು ಲೀಟರ್ ಕೆಳಗೆ ನಿಲ್ಲಬಹುದು. ಇನ್ನೂರರ ಸೂತ್ರದ ಪ್ರಕಾರ ಅದು ಸೂಲಿಗೆ ನಾನೂರರಿಂದ ಆರುನೂರು ಲೀಟರ್ ನಷ್ಟ. ಎರಡು ಹಸುಗಳನ್ನು ಒಟ್ಟಿಗೆ ಕೊಳ್ಳದೆ ಐದಾರು ತಿಂಗಳ ಅಂತರದಲ್ಲಿ ಕೊಳ್ಳುವುದು ಇದೇ ಕಾರಣಕ್ಕೆ. ಆಗ ಒಂದು ಬತ್ತಿದ್ದರೂ ಇನ್ನೊಂದರ ಹಾಲು ಅದರ ಹೊಟ್ಟೆ ತುಂಬಿಸುತ್ತದೆ.

ತಿಂಗಳಿಗೆ 4,270 ಎಂಬ ಅಂಕಿಯ ಒಳಗೆ ಇನ್ನೊಂದು ಸೂಕ್ಷ್ಮ ಇದೆ. ಅದರಲ್ಲಿ 1,950ರಷ್ಟು ಪ್ರೋತ್ಸಾಹಧನವೇ. 2008ರಲ್ಲಿ ಲೀಟರಿಗೆ 2 ರೂಪಾಯಿಯಾಗಿ ಶುರುವಾದ ಈ ಹಣ ಈಗ 5 ರೂಪಾಯಿ. ಅದು ಸಂಘದ ಬಟವಾಡೆಯ ಜೊತೆ ಬರುವುದಿಲ್ಲ, ಸರ್ಕಾರದಿಂದ ನೇರವಾಗಿ ರೈತರ ಬ್ಯಾಂಕ್ ಖಾತೆಗೆ ಬರುತ್ತದೆ, ಬರುವುದು ತಿಂಗಳುಗಟ್ಟಲೆ ತಡವಾಗುವುದೂ ಇದೆ. ಅಂದರೆ ತಿಂಗಳು ತಿಂಗಳೂ ನೆಚ್ಚಿಕೊಳ್ಳಬಹುದಾದ ಉಳಿಕೆ 2,300 ರೂಪಾಯಿ ಮಾತ್ರ. ಉಳಿದದ್ದು ಬಂದಾಗ ಬಂತು. ಎರಡು ಹಸುವಿಗೆಂದು ಒಂದೂವರೆ ಲಕ್ಷ ಸಾಲ ಮಾಡಿದರೆ, ನೂರಕ್ಕೆ ಹತ್ತು ಬಡ್ಡಿಯಲ್ಲಿ ಮೂರು ವರ್ಷಕ್ಕೆ ತಿಂಗಳ ಕಂತು ಸುಮಾರು 4,840 ಆಗುತ್ತದೆ. ಐದು ವರ್ಷಕ್ಕೆ ಹಬ್ಬಿಸಿದರೂ 3,190ರ ಆಸುಪಾಸು. ಹಾಲಿನ ದುಡ್ಡಿನಲ್ಲೇ ಹಸುವಿನ ಸಾಲ ತೀರಿಸುತ್ತೇವೆ ಎಂಬ ಮಾತು ಮೂರು ವರ್ಷದ ಕಂತಿನಲ್ಲಿ ಕಾಗದದ ಮೇಲೂ ನಿಲ್ಲುವುದಿಲ್ಲ.

ನಗದಲ್ಲದ ಆದಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯ. ಮನೆಯಲ್ಲಿ ಕುಡಿದ ಹಾಲಿಗೆ ಲೀಟರಿಗೆ 40 ರೂಪಾಯಿಯಂತೆ ಹಸುವೊಂದಕ್ಕೆ 8,400. ಎರಡು ಹಸುಗಳ ತಿಪ್ಪೆಯಲ್ಲಿ ಹದಿನಾಲ್ಕು ತಿಂಗಳಿಗೆ ಮೂರು ಟ್ರ್ಯಾಕ್ಟರ್ ಲೋಡಿನಷ್ಟು ಕಳಿತ ಗೊಬ್ಬರ ಸಿಗುತ್ತದೆ. ಲೋಡಿಗೆ 3,000 ಹಿಡಿದರೆ 9,000. ಟೊಮ್ಯಾಟೊ, ಹಿಪ್ಪುನೇರಳೆ ಬೆಳೆಯುವ ಮನೆಗೆ ಈ ಗೊಬ್ಬರದ ಬೆಲೆ ಇನ್ನೂ ಹೆಚ್ಚು, ಏಕೆಂದರೆ ಅವರು ಅದನ್ನು ಹೊರಗಿನಿಂದ ಕೊಳ್ಳುವವರು. ಇವೆಲ್ಲ ಸೇರಿ ಎರಡು ಹಸುಗಳ ಗಳಿಕೆ 85,600 ರೂಪಾಯಿ, ತಿಂಗಳಿಗೆ 6,100.

ಈಗ ದುಡಿಮೆಯ ಬೆಲೆ. ಬೆಳಗಾಗುವ ಮೊದಲು ಸಗಣಿ ಬಾಚಿ, ಕೆಚ್ಚಲು ತೊಳೆದು, ಹಾಲು ಕರೆದು, ಡೇರಿ ಮುಚ್ಚುವುದರೊಳಗೆ ಹಾಲು ಮುಟ್ಟಿಸಬೇಕು. ಆಮೇಲೆ ಮೇವು ಕೊಯ್ದು ತಂದು ಕತ್ತರಿಸಿ ಹಾಕುವುದು, ನೀರು ಕುಡಿಸುವುದು, ಸಂಜೆಗೆ ಮತ್ತೆ ಮೊದಲಿನಿಂದ. ಎರಡು ಹಸುಗಳಿಗೆ ದಿನಕ್ಕೆ ನಾಲ್ಕು ಗಂಟೆ ಎಂದರೆ ಕಡಿಮೆಯೇ ಹೇಳಿದಂತೆ. ಮದುವೆ, ತಿಥಿ, ಹಬ್ಬ ಯಾವುದಕ್ಕೂ ರಜೆ ಇಲ್ಲ. 420 ದಿನಕ್ಕೆ 1,680 ಗಂಟೆ. 85,600ನ್ನು ಇದರಿಂದ ಭಾಗಿಸಿದರೆ ಗಂಟೆಗೆ 51 ರೂಪಾಯಿ. ಇಷ್ಟಾದರೆ ಕೂಲಿಯ ಹತ್ತಿರ ಬಂತಲ್ಲ ಎನ್ನಿಸುತ್ತದೆ. ಆದರೆ ಹಸು ಮುಪ್ಪಾಗುತ್ತದೆ ಎಂಬುದನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. 75,000ಕ್ಕೆ ಕೊಂಡ ಎರಡನೇ ಸೂಲಿನ ಸೀಮೆಹಸು ಇನ್ನು ನಾಲ್ಕು ಸೂಲು ಚೆನ್ನಾಗಿ ಕರೆದರೆ ಪುಣ್ಯ. ಅಂದರೆ ಪ್ರತಿ ಸೂಲಿಗೆ 18,750 ರೂಪಾಯಿಯ ಹಸು ಸವೆಯುತ್ತದೆ. ಎರಡು ಹಸುಗಳ ಸವೆತ, ಕೊಟ್ಟಿಗೆಯ ಸವೆತ ಸೇರಿ 42,000 ಕಳೆದರೆ ಉಳಿಯುವುದು 43,600. ಗಂಟೆಗೆ 26 ರೂಪಾಯಿ. ಸಾಲದ ಬಡ್ಡಿಯೂ ಇದ್ದರೆ ಅದು ಇನ್ನೂ ಇಳಿದು ಹದಿನಾರಕ್ಕೆ ಬಂದು ನಿಲ್ಲುತ್ತದೆ.

ಸವೆದ ಹಸುವಿನ ಜಾಗಕ್ಕೆ ಮನೆಯ ಕಡಸೇ ಬರುತ್ತದಲ್ಲ ಎಂಬ ವಾದ ಅರ್ಧ ಸರಿ. ಹುಟ್ಟುವ ಕರುಗಳಲ್ಲಿ ಅರ್ಧ ಗಂಡು. ಹೆಣ್ಣು ಕರು ಹುಟ್ಟಿದರೂ ಅದು ಮೊದಲ ಕರು ಹಾಕುವುದಕ್ಕೆ ಸುಮಾರು ಎರಡೂವರೆ ವರ್ಷ ಬೇಕು. ದಿನಕ್ಕೆ ಸರಾಸರಿ 50 ರೂಪಾಯಿಯಂತೆ ಸಾಕಿದರೂ 45,000 ಆಗುತ್ತದೆ. ಕೊಳ್ಳುವುದಕ್ಕಿಂತ ಅಗ್ಗ, ಪುಕ್ಕಟೆ ಅಲ್ಲ. ಗಂಡು ಕರುವಿನ ಸಂಗತಿ ಇನ್ನೂ ಕಷ್ಟದ್ದು. ಸೀಮೆಹಸುವಿನ ಹೋರಿ ಬಿಸಿಲು ತಡೆಯದು, ಭುಜವೂ ನೊಗಕ್ಕೆ ಒದಗುವುದು ಕಡಿಮೆ, ಉಳುಮೆಗೆ ಕೊಳ್ಳುವವರಿಲ್ಲ. ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಅಧಿನಿಯಮ, 2020 ಜಾರಿಗೆ ಬಂದ ಮೇಲೆ ಗಂಡು ಕರುವನ್ನಾಗಲಿ, ಗೊಡ್ಡಾದ ಹಸುವನ್ನಾಗಲಿ ಕಸಾಯಿಗೆ ಮಾರುವಂತಿಲ್ಲ. ಕಾನೂನಿನ ಸರಿತಪ್ಪು ಬೇರೆಯ ಚರ್ಚೆ. ಕೊಟ್ಟಿಗೆಯ ಲೆಕ್ಕದಲ್ಲಿ ಅದರ ಅರ್ಥ ಇಷ್ಟು: ಹಿಂದೆ ಹಸು ಬದಲಿಸುವಾಗ ಹಳೆಯದರಿಂದ ಬರುತ್ತಿದ್ದ ಹಣವನ್ನು ಈಗ ಸೊನ್ನೆ ಎಂದೇ ಇಟ್ಟುಕೊಳ್ಳಬೇಕು. ಹೆಣ್ಣು ಕರುವೇ ಹುಟ್ಟುವ ಸಂಭವ ಹತ್ತಕ್ಕೆ ಒಂಬತ್ತರಷ್ಟಿರುವ ಲಿಂಗ ನಿರ್ಧರಿತ ವೀರ್ಯದ ಕಡ್ಡಿ ಈಗ ಸಿಗುತ್ತದೆ. ಮಾಮೂಲಿ ಕಡ್ಡಿಗಿಂತ ದುಬಾರಿ, ಗಬ್ಬ ನಿಲ್ಲುವ ಪ್ರಮಾಣವೂ ಸ್ವಲ್ಪ ಕಡಿಮೆ. ಆದ್ದರಿಂದ ಅದನ್ನು ಆರೋಗ್ಯವಾದ ಕಡಸಿಗೋ ಎಳೆ ಸೂಲಿನ ಹಸುವಿಗೋ ಹಾಕಿಸಬೇಕು, ಎರಡು-ಮೂರು ಸಲ ತಪ್ಪಿದ ಹಸುವಿಗಲ್ಲ.

ಇಷ್ಟೆಲ್ಲ ಲೆಕ್ಕ ನಿಂತಿರುವುದು 420 ದಿನಕ್ಕೊಂದು ಕರು ಎಂಬ ನಂಬಿಕೆಯ ಮೇಲೆ. ಅದು ಜಾರುವುದು ಬೆದೆ ತಪ್ಪಿದಾಗ. ಗಬ್ಬವಿಲ್ಲದ ಹಸು ಇಪ್ಪತ್ತೊಂದು ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಆ ಸ್ಥಿತಿ ಇರುವುದು ಒಂದು ದಿನಕ್ಕಿಂತಲೂ ಕಡಿಮೆ ಹೊತ್ತು. ಅರಚುವುದು, ಮೇವು ಬಿಡುವುದು, ಹಾಲು ಇದ್ದಕ್ಕಿದ್ದಂತೆ ಇಳಿಯುವುದು, ಪಕ್ಕದ ಹಸುವಿನ ಮೇಲೆ ಹತ್ತುವುದು, ಹಿಂಭಾಗದಲ್ಲಿ ಮೊಟ್ಟೆಯ ಬಿಳಿಯಂಥ ಪಾರದರ್ಶಕ ಲೋಳೆ ಇಳಿಯುವುದು ಇದರ ಲಕ್ಷಣ. ಬೇಸಿಗೆಯಲ್ಲಿ ಎಚ್‌ಎಫ್ ತಳಿಯ ಹಸುಗಳು ಅರಚದೆಯೇ ಬೆದೆಗೆ ಬಂದು ಹೋಗುತ್ತವೆ. ಹಗ್ಗಕ್ಕೆ ಒಂಟಿಯಾಗಿ ಕಟ್ಟಿದ ಹಸು ಇನ್ನೊಂದರ ಮೇಲೆ ಹತ್ತುವ ಮಾತೂ ಇಲ್ಲ. ಹಾಗಾಗಿ ಉಳಿಯುವ ಗುರುತು ಆ ಲೋಳೆಯೊಂದೇ. ಅದನ್ನು ನೋಡಲು ಸರಿಯಾದ ಹೊತ್ತು ಬೆಳಿಗ್ಗೆ ಸಗಣಿ ಬಾಚುವ ಮುಂಚೆ, ಹಸು ಇನ್ನೂ ಮಲಗಿರುವಾಗ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ಅರಚಿದ ಕೂಡಲೇ ಓಡಿ ಮಾಡಿಸಿದರೆ ನಿಲ್ಲುವ ಸಾಧ್ಯತೆ ಕಡಿಮೆ.

ಒಂದು ಬೆದೆ ತಪ್ಪಿದರೆ ಇಪ್ಪತ್ತೊಂದು ದಿನ ಹೋಯಿತು. ಆ ದಿನಗಳು ಕೊನೆಗೆ ಬತ್ತಿದ ದಿನಗಳಿಗೇ ಸೇರಿಕೊಂಡರೆ ತಿಂಡಿ, ಮೇವಿನ ಖರ್ಚೇ 2,500 ರೂಪಾಯಿ. ಮೂರು ತಪ್ಪಿದರೆ 7,600. ಇಡೀ ಸೂಲಿನಲ್ಲಿ ಆ ಹಸು ಉಳಿಸುವ ನಗದಿನ ನಾಲ್ಕನೇ ಒಂದು ಭಾಗ ಹೀಗೆ ಸದ್ದಿಲ್ಲದೆ ಸೋರಿಹೋಗುತ್ತದೆ. ಕಾಯಿಲೆ ಬಂದು ಖರ್ಚಾದ ಹಣ ಎಲ್ಲರಿಗೂ ನೆನಪಿರುತ್ತದೆ, ಬೆದೆ ತಪ್ಪಿ ಹೋದದ್ದು ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ. ಕೊಟ್ಟಿಗೆಯ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿ ಕರು ಹಾಕಿದ ದಿನ, ಬೆದೆ ಕಂಡ ದಿನ, ಗರ್ಭಧಾರಣೆ ಮಾಡಿಸಿದ ದಿನ ಗುರುತಿಟ್ಟರೆ ಮುಂದಿನ ಬೆದೆಯ ತಾರೀಕು ಮೊದಲೇ ಗೊತ್ತಿರುತ್ತದೆ. ಮಾಡಿಸಿದ ಎರಡರಿಂದ ಮೂರು ತಿಂಗಳೊಳಗೆ ಗಬ್ಬ ನಿಂತಿದೆಯೇ ಎಂದು ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಮತ್ತೆ ಬೆದೆಗೆ ಬರಲಿಲ್ಲ, ಹಾಗಾದರೆ ನಿಂತಿದೆ ಎಂದುಕೊಂಡು ಆರು ತಿಂಗಳು ಕಾದು ಮೋಸಹೋದ ಮನೆಗಳು ಪ್ರತಿ ಊರಿನಲ್ಲೂ ಇವೆ. ಮೂರು ಸಲ ಮಾಡಿಸಿಯೂ ನಿಲ್ಲದಿದ್ದರೆ ನಾಲ್ಕನೆಯದಕ್ಕೆ ಹೋಗುವ ಮೊದಲು ಗರ್ಭಕೋಶದ ಸೋಂಕು, ಖನಿಜದ ಕೊರತೆ ಇದೆಯೇ ಎಂದು ನೋಡಿಸುವುದೇ ದಾರಿ.

ಎರಡನೆಯ ದೊಡ್ಡ ಸೋರಿಕೆ ಕೆಚ್ಚಲು ಬಾವಿನದು. ಕರೆಯುವ ಮೊದಲು ಪ್ರತಿ ಮೊಲೆಯಿಂದ ಎರಡು ಧಾರೆಯನ್ನು ಕಪ್ಪು ತಟ್ಟೆಗೋ ಕಪ್ಪು ಬಟ್ಟೆಗೋ ಹಿಂಡಿದರೆ ಹಾಲಿನಲ್ಲಿ ಸಣ್ಣ ಗರಣೆಗಳಿವೆಯೇ, ನೀರಾಗಿದೆಯೇ ಎಂಬುದು ಕಾಣುತ್ತದೆ. ಬಾವು ಊದಿ ಕೆಂಪಾಗುವ ಮುಂಚಿನ ಗುರುತು ಅದು. ಹಾಲು ಕರೆದ ಮೇಲೆ ಮೊಲೆಯ ತುದಿಯ ರಂಧ್ರ ಮುಚ್ಚಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಆ ಹೊತ್ತಿನಲ್ಲಿ ಹಸು ಸಗಣಿ ನೆಲದ ಮೇಲೆ ಮಲಗಿದರೆ ಸೋಂಕು ಒಳಗೆ ಹೋಗುತ್ತದೆ. ಹಸಿರು ಮೇವನ್ನು ಕರೆದಾದ ಮೇಲೆ ಹಾಕುವ ಪದ್ಧತಿ ಇರುವುದು ಇದಕ್ಕೇ, ತಿನ್ನುತ್ತಾ ನಿಂತೇ ಇರಲಿ ಎಂದು. ಬಾವು ಬಂದರೆ ಚಿಕಿತ್ಸೆಯ ಖರ್ಚಿನ ಜೊತೆ, ಆಂಟಿಬಯೋಟಿಕ್ ಕೊಟ್ಟ ಅವಧಿಯ ಹಾಲನ್ನು ಡೇರಿಗೆ ಹಾಕುವಂತಿಲ್ಲ. ದಿನಕ್ಕೆ ಹತ್ತು ಲೀಟರಿನಂತೆ ಒಂದು ವಾರಕ್ಕೆ 2,450 ರೂಪಾಯಿ ಅಲ್ಲಿಗೆ ಹೋಯಿತು. ತಡವಾಗಿ ತೋರಿಸಿದರೆ ಒಂದು ಮೊಲೆ ಶಾಶ್ವತವಾಗಿ ಬತ್ತಿಹೋಗುತ್ತದೆ. ಮೂರು ಮೊಲೆಯ ಹಸುವಿಗೆ ಸಂತೆಯಲ್ಲಿ ಏನು ಬೆಲೆ ಎಂಬುದನ್ನು ದಲ್ಲಾಳಿಗಳನ್ನು ಕೇಳಿದರೆ ಗೊತ್ತಾಗುತ್ತದೆ.

ಡೇರಿಯಲ್ಲಿ ಹಾಲಿನ ದರ ಅಳತೆಯ ಮೇಲಷ್ಟೇ ನಿಂತಿಲ್ಲ. ಜಿಡ್ಡು ನೂರಕ್ಕೆ 3.5, ಜಿಡ್ಡಲ್ಲದ ಘನಾಂಶ 8.5 ಇದ್ದರೆ ಪೂರ್ತಿ ದರ, ಇಳಿದರೆ ಕಡಿತ. ಜಿಡ್ಡು ಇಳಿಯಲು ಹೆಚ್ಚಿನ ಸಲ ಕಾರಣ ಹುಲ್ಲು ಕಡಿಮೆ, ತಿಂಡಿ ಜಾಸ್ತಿ ಆಗಿರುವುದು. ಹಾಲು ಹೆಚ್ಚಲಿ ಎಂದು ತಿಂಡಿ ಸುರಿದು ಒಣಹುಲ್ಲು ಕಡಿಮೆ ಮಾಡಿದರೆ ಹಸುವಿನ ಹೊಟ್ಟೆಯಲ್ಲಿ ಹುಳಿ ಹೆಚ್ಚಿ ಜಿಡ್ಡು ಬೀಳುತ್ತದೆ. ಕೊನೆಯ ಧಾರೆಗಳಲ್ಲಿ ಜಿಡ್ಡು ಹೆಚ್ಚಿರುವುದರಿಂದ ಕೆಚ್ಚಲನ್ನು ಪೂರ್ತಿ ಹಿಂಡದೆ ಬಿಟ್ಟರೂ ಅದೇ ಫಲ. ಘನಾಂಶ ಇಳಿದರೆ ಹೊಟ್ಟೆಗೆ ಸಾಲದ ತಿಂಡಿ, ಖನಿಜದ ಕೊರತೆ, ಕಾಣದ ಕೆಚ್ಚಲು ಬಾವು, ಇವನ್ನು ಅನುಮಾನಿಸಬೇಕು. ಕ್ಯಾನಿನಲ್ಲಿ ನೀರು ಸೇರಿದೆಯೇ ಎಂಬುದನ್ನು ಡೇರಿಯವರು ಅನುಮಾನಿಸಿಯೇ ಇರುತ್ತಾರೆ.

ಹೀಗಿದ್ದೂ ಕೋಲಾರ ಸೀಮೆಯ ಹಳ್ಳಿಗಳು ಹಸು ಬಿಟ್ಟಿಲ್ಲ. ಟೊಮ್ಯಾಟೊ ಬೆಲೆ ಬಿದ್ದು ಬೆಳೆ ಬೀದಿಗೆ ಸುರಿದ ವಾರದಲ್ಲೂ ಬಟವಾಡೆ ಬರುತ್ತದೆ. ಕಿರಾಣಿ ಅಂಗಡಿಯ ಬಾಕಿ, ಶಾಲೆಯ ಫೀಸು ಅದರಲ್ಲಿ ತೀರುತ್ತದೆ. ಡೇರಿಗೆ ಹಾಲು ಹಾಕುವ ಖಾತೆ ಹೆಂಗಸಿನ ಹೆಸರಿನಲ್ಲಿದ್ದರೆ ಆ ಹಣ ಅವಳ ಕೈಗೇ ಬರುತ್ತದೆ. ಗಂಟೆಗೆ ಇಷ್ಟು ರೂಪಾಯಿ ಎಂಬ ಲೆಕ್ಕದಲ್ಲಿ ಇದು ಸೇರುವುದಿಲ್ಲ. ಮನೆಯಲ್ಲಿ ಹೇಗೂ ಇರುವ ವಯಸ್ಸಾದವರ, ಹೊರಗೆ ಕೂಲಿಗೆ ಹೋಗಲಾಗದವರ ಬೆಳಿಗ್ಗೆ-ಸಂಜೆಯ ಹೊತ್ತನ್ನು ಹಣವಾಗಿಸುವ ಬೇರೆ ಕಸುಬು ಹಳ್ಳಿಯಲ್ಲಿ ಸುಲಭಕ್ಕಿಲ್ಲ ಎಂಬುದೂ ನಿಜ. ಆದರೆ ಈ ಅನುಕೂಲ ಸಿಗುವುದು ಮೇವು ಸ್ವಂತದ್ದು, ದುಡಿಮೆ ಮನೆಯದು ಎಂಬ ಎರಡೂ ಕೂಡಿದಲ್ಲಿ ಮಾತ್ರ. ಇಪ್ಪತ್ತು ಕಿಲೋ ಹಸಿರು ಮೇವನ್ನು ಕಿಲೋಗೆ 3 ರೂಪಾಯಿಯಂತೆ ಕೊಂಡು ಹಾಕಿದರೆ ಒಂದು ಹಸುವಿನ ಖರ್ಚು 16,800 ಹೆಚ್ಚುತ್ತದೆ. 29,900ರ ಉಳಿಕೆ 13,100ಕ್ಕೆ ಇಳಿಯುತ್ತದೆ. ಅದು ಪ್ರೋತ್ಸಾಹಧನದ ಮೊತ್ತಕ್ಕಿಂತಲೂ ಕಡಿಮೆ. ಎಂದರೆ ಹಾಲು ಮಾರಿದ್ದರಲ್ಲಿ ನಷ್ಟ, ಉಳಿದದ್ದು ಸರ್ಕಾರದ ದುಡ್ಡು. ಇದರ ಮೇಲೆ ಸಂಬಳದ ಆಳನ್ನೂ ಇಟ್ಟರೆ ಎರಡು ಹಸುವಿನ ಕೊಟ್ಟಿಗೆಯಲ್ಲಿ ಅವನ ಸಂಬಳಕ್ಕೂ ಸಾಲದು.

ಆದ್ದರಿಂದ ಶುರುಮಾಡುವವರು ಮೊದಲು ಕೊಳ್ಳಬೇಕಾದದ್ದು ಹಸುವನ್ನಲ್ಲ, ಮೇವಿನ ಕಡ್ಡಿಯನ್ನು. ಕೋ-4ರಂಥ ನೇಪಿಯರ್ ಜಾತಿಯ ಸೀಮೆಹುಲ್ಲನ್ನು ನೆಟ್ಟರೆ ಮೊದಲ ಕೊಯ್ಲಿಗೆ ಎರಡೂವರೆ ತಿಂಗಳು ಬೇಕು, ಆಮೇಲೆ ನಲವತ್ತು-ನಲವತ್ತೈದು ದಿನಕ್ಕೊಂದು ಕೊಯ್ಲು. ನೀರಿದ್ದರೆ ಹದಿನೈದು-ಇಪ್ಪತ್ತು ಗುಂಟೆ ಎರಡು ಹಸುಗಳಿಗೆ ಸಾಕು. ಅಂಚಿನಲ್ಲಿ ಅಗಸೆಯನ್ನೋ, ಸಾಲಿನ ನಡುವೆ ಕುದುರೆ ಮಸಾಲೆಯನ್ನೋ ಹಾಕಿದರೆ ದ್ವಿದಳದ ಸಾರವೂ ಸೇರಿ ತಿಂಡಿಯಲ್ಲಿ ತುಸು ಉಳಿತಾಯ. ಬೇಸಿಗೆಯಲ್ಲಿ ಕೊಳವೆಬಾವಿ ಕೈಕೊಡುವ ಊರಾದರೆ ಮುಸುಕಿನ ಜೋಳವನ್ನು ಹಾಲುಗಾಳಿನ ಹಂತದಲ್ಲಿ ಕತ್ತರಿಸಿ ರಸಮೇವು ಮಾಡಿಡಬೇಕು. ಹಸುವಿಗೆ ಕುಡಿಯಲೇ ದಿನಕ್ಕೆ ಅರವತ್ತು ಲೀಟರಿಗೂ ಹೆಚ್ಚು ನೀರು ಬೇಕು, ಇದನ್ನು ಮರೆತು ಕೊಟ್ಟಿಗೆ ಕಟ್ಟಿದವರಿದ್ದಾರೆ.

ಮೇವು ಮೊಣಕಾಲು ದಾಟಿ ಬೆಳೆದ ಮೇಲೆ ಹಸು ಹುಡುಕಲು ಹೊರಡಬಹುದು. ಸಂತೆಗಿಂತ ಮನೆಯಿಂದ ಕೊಳ್ಳುವುದು ಒಳ್ಳೆಯದು. ಸಂತೆಗೆ ತರುವ ಹಸುವನ್ನು ಒಂದು ಹೊತ್ತು ಕರೆಯದೆ ಬಿಟ್ಟು ಕೆಚ್ಚಲು ತುಂಬಿಸಿಕೊಂಡು ಬರುವುದು ಹಳೆಯ ಚಾಳಿ. ಮಾರುವವರ ಮನೆಯಲ್ಲೇ ಸಂಜೆ, ಬೆಳಿಗ್ಗೆ, ಮತ್ತೆ ಸಂಜೆ ಎಂದು ಮೂರು ಹೊತ್ತು ಎದುರು ನಿಂತು ಕರೆಸಿದರೆ ಮೊದಲ ಹೊತ್ತಿನ ಮೋಸ ಉಳಿದ ಎರಡರಲ್ಲಿ ಬಯಲಾಗುತ್ತದೆ. ಕರು ಹಾಕಿ ಎಷ್ಟು ದಿನವಾಯಿತು ಎಂದು ಕೇಳಬೇಕು. ಎರಡನೇ ತಿಂಗಳಲ್ಲಿ ಹನ್ನೆರಡು ಲೀಟರ್ ಕೊಡುವ ಹಸುವಿಗಿಂತ ಐದನೇ ತಿಂಗಳಲ್ಲಿ ಗಬ್ಬ ನಿಂತು ಹತ್ತು ಲೀಟರ್ ಕೊಡುವ ಹಸು ಮೇಲು. ನಾಲ್ಕೂ ಮೊಲೆಗಳನ್ನು ಸ್ವತಃ ಹಿಂಡಿ ನೋಡಬೇಕು, ಹಲ್ಲು ನೋಡಬೇಕು, ಕಿವಿ ಓಲೆಯ ನಂಬರಿನಲ್ಲಿ ಲಸಿಕೆಯ ದಾಖಲೆ ಇದೆಯೇ ಎಂದು ಪಶು ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಕಾಲುಬಾಯಿ ಜ್ವರದ ಲಸಿಕೆ ತಪ್ಪಿದ ಹಸುವನ್ನು ತಂದು ಕಟ್ಟಿದರೆ ಅಪಾಯ ಅದೊಂದಕ್ಕೇ ಅಲ್ಲ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ವಿಮೆ ಇಲ್ಲದೆ ಹಸು ಕಳೆದುಕೊಂಡವರ ಮೇಲೆ ಸಾಲದ ಹೊರೆ ಉಳಿಯಿತು. ತಂದ ವಾರದಲ್ಲೇ ವಿಮೆ ಮಾಡಿಸಿ, ಓಲೆ ಬಿದ್ದುಹೋದರೆ ತಕ್ಷಣ ತಿಳಿಸಿ ಹೊಸದು ಹಾಕಿಸಬೇಕು, ಏಕೆಂದರೆ ಓಲೆ ಇಲ್ಲದ ಹಸುವಿಗೆ ಪರಿಹಾರ ಸಿಗುವುದು ಕಷ್ಟ.

ಕೈಯಲ್ಲಿ ಎಷ್ಟು ಹಣವಿರಬೇಕು ಎಂಬುದಕ್ಕೆ ಹಸುವಿನ ಬೆಲೆಯೊಂದೇ ಉತ್ತರವಲ್ಲ. ಮೊದಲ ಹಸುವಿಗೆ 75,000, ಇರುವ ಕೊಟ್ಟಿಗೆಗೆ ಗಚ್ಚು ನೆಲ, ಗೋದಲಿ ಮಾಡಿಸಲು ಹತ್ತು-ಹದಿನೈದು ಸಾವಿರ, ಮೇವು ಕತ್ತರಿಸುವ ಯಂತ್ರ ಪಕ್ಕದವರ ಜೊತೆ ಪಾಲಿನಲ್ಲಾದರೂ ಸರಿ. ಇದರ ಜೊತೆಗೆ ಬತ್ತಿದ ಮೂರು ತಿಂಗಳ 11,000 ಮತ್ತು ಒಂದು ಸಲದ ದೊಡ್ಡ ಕಾಯಿಲೆಗೆ 5,000 ಬೇರೆಯಾಗಿ ಇಟ್ಟಿರಬೇಕು. ಎರಡನೇ ಹಸುವಿನ ಮಾತು ಮೊದಲನೆಯದು ಮತ್ತೆ ಗಬ್ಬ ನಿಂತಿದೆ ಎಂದು ವೈದ್ಯರು ಖಚಿತಪಡಿಸಿದ ಮೇಲೆ.